ರಿಡಂಡೆಂಟ್ ಕಂಟ್ರೋಲರ್ ಜೋಡಿ: ಎರಡನೇದಕ್ಕೆ ನಿಜವಾಗ್ಲೂ ಏನೇನು ಹೋಗತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸದಾಗಿ ಪ್ಲಾಂಟಿಗೆ ಸೇರಿದ ಹುಡುಗ್ರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ರಿಡಂಡೆಂಟ್ ಜೋಡಿ ಅಂದ್ರೆ ಒಂದು ಬಿದ್ರೆ ಇನ್ನೊಂದು ಕೆಲಸ ತಗೊಳ್ಳೋ ಹಾಗೆ ಇಟ್ಟಿರೋ ಎರಡು ಕಂಟ್ರೋಲರ್. ಈಗ ಓಡಿಸ್ತಿರೋದು ಪ್ರೈಮರಿ, ಕಾಯ್ತಾ ಇರೋದು ಸೆಕೆಂಡರಿ, ಕೈ ಬದಲಾಗೋದಕ್ಕೆ ಸ್ವಿಚ್‌ಓವರ್ ಅಂತಾರೆ. ನಾನು ಜಾಸ್ತಿ ಕೆಲಸ ಮಾಡಿರೋದು ರಾಕ್‌ವೆಲ್‌ನ ಕಂಟ್ರೋಲ್‌ಲಾಜಿಕ್ಸ್ ಜೋಡಿ ಮೇಲೆ, ಹಾಗಾಗಿ ಉದಾಹರಣೆ ಎಲ್ಲಾ ಅದರದ್ದೇ. ಬೇರೆ ಥರ ಕೆಲಸ ಮಾಡೋ ಸಿಸ್ಟಮ್ ಹೇಗಿರತ್ತೆ ಅಂತ ತೋರಿಸೋಕೆ ಮಾತ್ರ ನಡುನಡುವೆ ಸೀಮೆನ್ಸ್ ಎಸ್7-400ಎಚ್ ಬರತ್ತೆ.

ಎರಡು ಕಂಟ್ರೋಲರ್ ಇದಾವಲ್ಲ, ಎರಡೂ ಒಟ್ಟಿಗೆ ಪ್ರೋಗ್ರಾಂ ಓಡಿಸ್ತಾ ಇರ್ತವಾ?

ಕಂಟ್ರೋಲ್‌ಲಾಜಿಕ್ಸಲ್ಲಿ ಇಲ್ಲ. ಇದು ಗೊತ್ತಿಲ್ಲದೇ ತುಂಬಾ ಜನ ವರ್ಷಗಟ್ಟಲೆ ಮೇಂಟೆನೆನ್ಸ್ ಮಾಡಿರ್ತಾರೆ. ಪ್ರೈಮರಿ ಮಾತ್ರ ಲಾಜಿಕ್ ಓಡಿಸತ್ತೆ, ಸೆಕೆಂಡರಿ ಒಂದು ರಂಗ್ ಕೂಡ ಎಕ್ಸಿಕ್ಯೂಟ್ ಮಾಡಲ್ಲ, ಸುಮ್ನೆ ಡೇಟಾ ತಗೊಂಡು ಇಟ್ಕೊಳ್ತಾ ಕೂತಿರತ್ತೆ. ಅಂಗಡೀಲಿ ಒಬ್ಬ ಲೆಕ್ಕ ಬರೀತಿದಾನೆ, ಪಕ್ಕದವನು ಅವನ ಒಂದೊಂದು ಪುಟ ಮುಗಿದಾಗ ಅದನ್ನ ತನ್ನ ಪುಸ್ತಕಕ್ಕೆ ನಕಲು ಮಾಡ್ಕೋತಿದಾನೆ ಅಂದ್ಕೊಳ್ಳಿ. ಮೊದಲನೇವನು ಅರ್ಧ ಪುಟದಲ್ಲಿ ಎದ್ದುಹೋದ್ರೆ ಎರಡನೇವನ ಹತ್ರ ಹಿಂದಿನ ಪುಟದ ತನಕ ಸರಿಯಾದ ಲೆಕ್ಕ ಇರತ್ತೆ, ಅವನು ಆ ಅರ್ಧ ಪುಟಾನ ಮೊದಲಿಂದ ಬರೀತಾನೆ. ಈ ಅರ್ಧ ಪುಟದ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬರೋ ತಲೆನೋವೆಲ್ಲಾ ಅಲ್ಲಿಂದಾನೇ.

ಎಸ್7-400ಎಚ್ ನಡೆಯೋದು ಬೇರೆ ಥರ. ಅಲ್ಲಿ ಎರಡೂ ಸಿಪಿಯು ಒಂದೇ ಪ್ರೋಗ್ರಾಂನ ಒಟ್ಟಿಗೆ ಓಡಿಸ್ತವೆ. ನೇರ ಐ/ಓ ಓದೋದು, ಇಂಟರಪ್ಟ್, ಟೈಮ್ ಓದೋದು, ಹೀಗೆ ಎರಡರಲ್ಲೂ ಬೇರೆ ಬೇರೆ ಉತ್ತರ ಬರೋ ಸಾಧ್ಯತೆ ಇರೋ ಜಾಗಕ್ಕೆ ಬಂದಾಗೆಲ್ಲ ಒಂದನ್ನೊಂದು ಕಾದು, ಒಂದೇ ಬೆಲೆ ತಗೊಂಡು ಮುಂದೆ ಹೋಗ್ತವೆ. ಅಲ್ಲಿ ಇಬ್ಬರೂ ಬರೀತಾನೇ ಇದಾರೆ, ಮಧ್ಯೆ ಮಧ್ಯೆ ಅಂಕಿ ತಾಳೆ ನೋಡ್ಕೋತಾರೆ ಅಷ್ಟೇ.

ಕಂಟ್ರೋಲ್‌ಲಾಜಿಕ್ಸಲ್ಲಿ ಈ "ಪುಟ" ಅಂದ್ರೆ ಯಾವುದು?

ಪ್ರೋಗ್ರಾಂ. ಟಾಸ್ಕ್ ಅಲ್ಲ, ರುಟೀನ್ ಅಲ್ಲ, ಟಾಸ್ಕ್ ಒಳಗಿರೋ ಒಂದೊಂದು ಪ್ರೋಗ್ರಾಂ. ಪ್ರೋಗ್ರಾಂ ಪ್ರಾಪರ್ಟೀಸ್ ತೆಗೆದ್ರೆ ಕಾನ್ಫಿಗರೇಶನ್ ಟ್ಯಾಬಲ್ಲಿ `Synchronize Redundancy Data after Execution` ಅಂತ ಒಂದು ಟಿಕ್ ಇರತ್ತೆ. ಟಿಕ್ ಇದ್ರೆ ಆ ಪ್ರೋಗ್ರಾಂ ಮುಗಿದ ತಕ್ಷಣ ಬರೆದ ಡೇಟಾ ಎಲ್ಲಾ ಎರಡು ಚಾಸಿಸ್‌ನ ರಿಡಂಡೆನ್ಸಿ ಮಾಡ್ಯೂಲ್‌ಗಳ ನಡುವಿನ ಫೈಬರ್ ಮೇಲೆ ಆ ಕಡೆ ಹೋಗತ್ತೆ. ಇದಕ್ಕೆ ಕ್ರಾಸ್‌ಲೋಡ್ ಅಂತಾರೆ. ಹೋಗಿ ಮುಗಿಯೋ ತನಕ ಪ್ರೈಮರಿ ಮುಂದಿನ ಪ್ರೋಗ್ರಾಂಗೆ ಹೋಗಲ್ಲ, ಕಾಯತ್ತೆ.

ಟಿಕ್ ತೆಗೆದ್ರೆ ಸ್ಕ್ಯಾನ್ ಟೈಮ್ ಉಳಿಯತ್ತೆ, ಆದರೆ ಸ್ವಿಚ್‌ಓವರ್ ಆದಾಗ ಹೊಸ ಪ್ರೈಮರಿ ಕೊನೇ ಸಲ ಸಿಂಕ್ ಆದ ಜಾಗದಿಂದ ಮತ್ತೆ ಶುರು ಮಾಡತ್ತೆ, ಅಂದ್ರೆ ನಡುವಿನ ಎರಡು ಮೂರು ಪ್ರೋಗ್ರಾಂ ಇನ್ನೊಂದು ಸಲ ಓಡ್ತವೆ. ಒಂದು ಟಾಸ್ಕಲ್ಲಿ ಸಣ್ಣ ಸಣ್ಣ ಆರು ಪ್ರೋಗ್ರಾಂ ಇದ್ರೆ ನಾನು ಸಾಮಾನ್ಯವಾಗಿ ಕೊನೇದಕ್ಕೆ ಮಾತ್ರ ಟಿಕ್ ಬಿಡ್ತೀನಿ.

ಸರಿ, ಆ ಕಡೆ ಹೋಗೋದು ಏನೇನು, ಹೋಗದೇ ಇರೋದು ಏನೇನು?

ಟ್ಯಾಗ್‌ಗಳ ಬೆಲೆ ಹೋಗತ್ತೆ. ಟೈಮರ್, ಕೌಂಟರ್, ಒನ್-ಶಾಟ್ ಬಿಟ್, ಸೀಕ್ವೆನ್ಸ್ ಸ್ಟೆಪ್ ನಂಬರ್, ಪಿಐಡಿ ಒಳಗೆ ಕೂಡಿಟ್ಟಿರೋ ಇಂಟಿಗ್ರಲ್, ಇವೆಲ್ಲಾ ಕಂಟ್ರೋಲ್‌ಲಾಜಿಕ್ಸಲ್ಲಿ ಟ್ಯಾಗ್‌ಗಳೇ ಅಥವಾ ಟ್ಯಾಗ್ ಸ್ಟ್ರಕ್ಚರ್ ಒಳಗಿರೋವೇ, ಹಾಗಾಗಿ ಇವು ಹೋದ್ವಾ ಇಲ್ವಾ ಅಂತ ಪ್ರತ್ಯೇಕವಾಗಿ ಚಿಂತೆ ಮಾಡೋ ಹಾಗಿಲ್ಲ. ಫೋರ್ಸ್ ಹಾಕಿದ್ರೆ ಅದೂ ಹೋಗತ್ತೆ, ಎಚ್‌ಎಂಐ ಇಂದ ಆಪರೇಟರ್ ಬದಲಾಯಿಸಿದ ಸೆಟ್‌ಪಾಯಿಂಟೂ ಹೋಗತ್ತೆ, ಆನ್‌ಲೈನ್ ಎಡಿಟ್ ಕೂಡ. ಎಡಿಟ್‌ದು ದೊಡ್ಡ ಕತೆ, ಕೆಳಗಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಬೆಲೆ ಬದಲಾಗಿದೆಯಾ ಇಲ್ವಾ ಅಂತ ಕಂಟ್ರೋಲರ್ ನೋಡಲ್ಲ, ಬರೆದ್ರಾ ಇಲ್ವಾ ಅಂತ ನೋಡತ್ತೆ. 5 ಇದ್ದ ಜಾಗಕ್ಕೆ ಮತ್ತೆ 5 ಬರೆದ್ರೂ ಅದು ಕ್ರಾಸ್‌ಲೋಡಿಗೆ ಸೇರ್ಕೊಳತ್ತೆ.

ಹೋಗದೇ ಇರೋದು ಅಂದ್ರೆ ಕಂಟ್ರೋಲರಿನ ಹೊರಗಿರೋ ಪ್ರಪಂಚ. ಅರ್ಧ ದಾರೀಲಿ ಇರೋ ಮೆಸೇಜ್, ಬೇರೆ ಡಿವೈಸ್ ಜೊತೆ ಕಟ್ಟಿಕೊಂಡಿರೋ ಕನೆಕ್ಷನ್, ಸ್ವಿಚ್‌ನ ತಲೇಲಿರೋ ಅಡ್ರೆಸ್ ಪಟ್ಟಿ, ಸ್ಕಾಡಾ ಕಂಪ್ಯೂಟರ್ ತೆರೆದಿಟ್ಟಿರೋ ಸೆಷನ್. ಹಾಗೇ ಆ ಅರ್ಧ ಪುಟ, ಅಂದ್ರೆ ಕೊನೇ ಸಿಂಕ್ ಆದ್ಮೇಲೆ ಪ್ರೈಮರಿ ಮಾಡಿದ ಲೆಕ್ಕ.

ಬಂಪ್‌ಲೆಸ್ ಅಂದ್ರೆ ಔಟ್‌ಪುಟ್ ಒಂಚೂರೂ ಅಲ್ಲಾಡಲ್ಲ ಅಂತಾನಾ? ನಕಲು 100 ಮಿಲಿಸೆಕೆಂಡ್ ಹಳೇದಾಗಿದ್ರೆ?

ಲೆಕ್ಕ ಹಾಕಿ ನೋಡೋಣ. ಬಾಯ್ಲರ್ ಡ್ರಮ್ ಲೆವೆಲ್ ಅಂದ್ಕೊಳ್ಳಿ, ಸೆಟ್‌ಪಾಯಿಂಟ್ 50%, ಲೆವೆಲ್ 49.5%, ಅಂದ್ರೆ ಎರರ್ 0.5%. ಗೇನ್ 2, ಇಂಟಿಗ್ರಲ್ ಟೈಮ್ 60 ಸೆಕೆಂಡ್. ಫೀಡ್‌ವಾಟರ್ ವಾಲ್ವಿಗೆ ಹೋಗ್ತಿರೋ ಔಟ್‌ಪುಟ್ 62%. ಇದರಲ್ಲಿ ಪ್ರಪೋರ್ಷನಲ್ ಪಾಲು ಎಷ್ಟು? 2 × 0.5, ಬರೀ 1%. ಉಳಿದ 61% ಪೂರ್ತಿ ಇಂಟಿಗ್ರಲ್, ಹೊತ್ತುಹೊತ್ತಿಂದ ಕೂಡಿಕೊಂಡು ಬಂದಿರೋದು.

ಈಗ ಎರಡನೇ ಕಂಟ್ರೋಲರಿಗೆ ಸೆಟ್‌ಪಾಯಿಂಟ್, ಗೇನ್ ಎಲ್ಲಾ ಗೊತ್ತಿದ್ದು ಈ ಇಂಟಿಗ್ರಲ್ ಮಾತ್ರ ಗೊತ್ತಿಲ್ಲ ಅಂದ್ರೆ, ಅದು ಸೊನ್ನೆಯಿಂದ ಶುರು ಮಾಡಿ ವಾಲ್ವನ್ನ 62ರಿಂದ ಸೀದಾ 1%ಗೆ ಇಳಿಸತ್ತೆ. ಡ್ರಮ್ಮಿಗೆ ನೀರು ನಿಂತು ಲೋ ಲೆವೆಲ್ ಟ್ರಿಪ್ ಆಗೋಕೆ ಜಾಸ್ತಿ ಹೊತ್ತು ಬೇಕಾಗಲ್ಲ. ಬಂಪ್ ಅಂದ್ರೆ ಇದು.

ಇಂಟಿಗ್ರಲ್ ಹೋಗಿದೆ, ಆದರೆ 100 ಮಿಲಿಸೆಕೆಂಡ್ ಹಳೇದು ಅನ್ಕೊಳ್ಳಿ. ಇಂಟಿಗ್ರಲ್ ಬೆಳೆಯೋ ವೇಗ ಸೆಕೆಂಡಿಗೆ 2 × 0.5 ÷ 60, ಅಂದ್ರೆ ಸುಮಾರು 0.017%. ಅದರ ಹತ್ತನೇ ಒಂದು ಭಾಗ 0.0017%. 4-20 ಮಿಲಿಆಂಪಲ್ಲಿ ಹೇಳಬೇಕಂದ್ರೆ ಒಂದು ಮೈಕ್ರೋಆಂಪಿನ ಕಾಲು ಭಾಗ ಚಿಲ್ಲರೆ. ವಾಲ್ವ್ ಪೊಸಿಶನರಿಗೆ ಇದು ಕಾಣೋದೇ ಇಲ್ಲ. ಅಂದ್ರೆ ನಕಲು ಸ್ವಲ್ಪ ಹಳೇದಾದ್ರೆ ಪರವಾಗಿಲ್ಲ. ತೊಂದರೆ ಆಗೋದು ನಕಲು ಅರೆಬರೆ ಆಗಿದ್ರೆ, ಒಂದು ಟ್ಯಾಗ್ ಹೊಸದು ಇನ್ನೊಂದು ಹಳೇದು ಆಗಿದ್ರೆ.

ಅರೆಬರೆ ನಕಲು ಹೇಗೆ ಆಗತ್ತೆ? ಪ್ರೋಗ್ರಾಂ ಮುಗಿದ್ಮೇಲೇ ತಾನೇ ಕ್ರಾಸ್‌ಲೋಡ್?

ಒಳ್ಳೇ ಪ್ರಶ್ನೆ. ಇದನ್ನ ಕೇಳದೇ ಇರೋರ ಪ್ಲಾಂಟಲ್ಲೇ ಟೋಟಲೈಸರ್ ತಪ್ಪು ತೋರಿಸೋದು.

ಒಂದೇ ಟಾಸ್ಕ್ ಇದ್ರೆ ನೀವು ಹೇಳಿದ್ದು ಸರಿ. ಆದರೆ ಸಾಮಾನ್ಯವಾಗಿ ಏನಿರತ್ತೆ, ಪಿಐಡಿಗಳಿಗೆ 100 ಮಿಲಿಸೆಕೆಂಡಿನ ಒಂದು ಪೀರಿಯಾಡಿಕ್ ಟಾಸ್ಕ್, ಬಾಕಿ ಸೀಕ್ವೆನ್ಸು, ರಿಪೋರ್ಟು, ಟೋಟಲ್ಲು ಎಲ್ಲಾ ಕಂಟಿನ್ಯುಯಸ್ ಟಾಸ್ಕಲ್ಲಿ. ಪೀರಿಯಾಡಿಕ್ ಟಾಸ್ಕಿಗೆ ಆದ್ಯತೆ ಜಾಸ್ತಿ, ಅದು ಕಂಟಿನ್ಯುಯಸ್ ಟಾಸ್ಕನ್ನ ಎಲ್ಲಿ ಬೇಕಾದ್ರೂ, ಎರಡು ಲೈನ್ ಮಧ್ಯೆ ಕೂಡ, ತಡೆದು ತಾನು ಓಡತ್ತೆ. ಓಡಿ ಮುಗಿದಾಗ ಅದರದ್ದೊಂದು ಕ್ರಾಸ್‌ಲೋಡ್ ಆಗತ್ತಲ್ಲ, ಆ ಕ್ರಾಸ್‌ಲೋಡ್ ತನ್ನ ಟ್ಯಾಗ್‌ಗಳನ್ನ ಮಾತ್ರ ಕಳಿಸಲ್ಲ, ಅಷ್ಟೊತ್ತಿಗೆ ಯಾರ್ಯಾರು ಏನೇನು ಬರೆದಿದಾರೋ ಎಲ್ಲಾ ಕಳಿಸತ್ತೆ. ಕಂಟಿನ್ಯುಯಸ್ ಟಾಸ್ಕ್ ಅರ್ಧಕ್ಕೆ ಬರೆದಿಟ್ಟಿದ್ದೂ ಅದರ ಜೊತೆ ಹೋಗ್ಬಿಡತ್ತೆ.

ಕಂಟಿನ್ಯುಯಸ್ ಟಾಸ್ಕಲ್ಲಿ ಈ ಎರಡು ಲೈನ್ ಇದೆ ಅಂತಿಟ್ಕೊಳ್ಳಿ:

```
Total := Total + Delta;
Delta := 0;
```

ಟೋಟಲ್ 12,000 ಲೀಟರ್, ಡೆಲ್ಟಾ 480. ಮೊದಲನೇ ಲೈನ್ ಓಡಿತು, ಟೋಟಲ್ 12,480 ಆಯ್ತು. ಸರಿಯಾಗಿ ಅದೇ ಕ್ಷಣ ಪೀರಿಯಾಡಿಕ್ ಟಾಸ್ಕ್ ಬಂತು, ಓಡ್ತು, ಕ್ರಾಸ್‌ಲೋಡ್ ಆಯ್ತು. ಸೆಕೆಂಡರಿ ಹತ್ರ ಈಗ ಟೋಟಲ್ 12,480, ಡೆಲ್ಟಾ ಇನ್ನೂ 480. ಆಗ ಪ್ರೈಮರಿಯ ಪವರ್ ಹೋಯ್ತು. ಹೊಸ ಪ್ರೈಮರಿ ಕಂಟಿನ್ಯುಯಸ್ ಟಾಸ್ಕಿನ ಆ ಪ್ರೋಗ್ರಾಂನ ತಲೆಯಿಂದ ಶುರು ಮಾಡತ್ತೆ, ಮೊದಲನೇ ಲೈನ್ ಮತ್ತೆ ಓಡತ್ತೆ, ಟೋಟಲ್ 12,960. ಹರಿಯದೇ ಇದ್ದ 480 ಲೀಟರ್ ಲೆಕ್ಕಕ್ಕೆ ಬಂತು. ಯಾವ ಅಲಾರ್ಮೂ ಬರಲ್ಲ, ಯಾವ ಫಾಲ್ಟೂ ಇಲ್ಲ, ಸ್ವಿಚ್‌ಓವರ್ ನೂರಕ್ಕೆ ನೂರು ಸರಿಯಾಗೇ ಆಗಿದೆ. ತಿಂಗಳ ಕೊನೇಲಿ ಟ್ಯಾಂಕ್ ಡಿಪ್ ಮಾಡಿ ನೋಡಿದೋರು ಬಂದು ನಿಮ್ಮ ಫ್ಲೋಮೀಟರ್ ಸರಿ ಇಲ್ಲ ಅಂತಾರೆ, ನೀವು ಅದನ್ನ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕಳಿಸ್ತೀರ, ಅದು ಪಾಪ ಸರಿಯಾಗಿದೆ ಅಂತ ವಾಪಸ್ ಬರತ್ತೆ.

ಇದಕ್ಕೆ ಮದ್ದು ಸುಲಭ, ಆ ಎರಡು ಲೈನ್ ಮಧ್ಯೆ ಯಾರೂ ನುಗ್ಗದ ಹಾಗೆ ಮಾಡೋದು:

```
UID();
Total := Total + Delta;
Delta := 0;
UIE();
```

ಮೊದಲನೇದು ಇಂಟರಪ್ಟ್ ಮುಚ್ಚತ್ತೆ, ಕೊನೇದು ತೆಗೆಯತ್ತೆ. ಈಗ ಎರಡೂ ಬೆಲೆ ಒಟ್ಟಿಗೇ ಹೊಸದಾಗಿ ಹೋಗ್ತವೆ, ಅಥವಾ ಒಟ್ಟಿಗೇ ಹಳೇದಾಗಿ ಉಳೀತವೆ. ಆದರೆ ಇದನ್ನ ಎರಡು ಮೂರು ಲೈನಿಗೆ ಮಾತ್ರ ಹಾಕಿ. ಇಡೀ ರುಟೀನಿಗೆ ಸುತ್ತಿದ್ರೆ ಪಿಐಡಿ ಟಾಸ್ಕ್ ಕಾಯ್ತಾ ಕೂರಬೇಕಾಗತ್ತೆ.

ಅರೇ ಒಳಗೆ ಶಿಫ್ಟ್ ಮಾಡೋ ಇನ್‌ಸ್ಟ್ರಕ್ಷನ್‌ಗಳಿಗೂ ಇದೇ ಗತಿ, ಅರ್ಧ ಸರಿದಿರೋ ಅರೇ ಆ ಕಡೆ ಹೋದ್ರೆ ಹೊಸ ಪ್ರೈಮರಿ ಅದನ್ನ ಇನ್ನೊಂದು ಸಲ ಸರಿಸತ್ತೆ. ಅಲ್ಲಿ ಬೇರೆ ಅರೇಗೆ ತಗೊಂಡು, ಅಲ್ಲೇ ಶಿಫ್ಟ್ ಮಾಡಿ, `CPS` ಇಂದ ವಾಪಸ್ ಹಾಕೋದು ರೂಢಿ, ಯಾಕಂದ್ರೆ ಆ ಕಾಪಿಯನ್ನ ಮಧ್ಯೆ ಯಾರೂ ತಡೆಯೋ ಹಾಗಿಲ್ಲ.

ಹಾಗಾದ್ರೆ ಔಟ್‌ಪುಟ್ ಬಂಪ್ ಆಗಲ್ಲ ಅನ್ನೋ ಭರವಸೆ ಯಾವುದಕ್ಕಿದೆ?

ಅತಿ ಹೆಚ್ಚು ಆದ್ಯತೆ ಇರೋ ಟಾಸ್ಕ್ ಬರೆಯೋ ಔಟ್‌ಪುಟ್‌ಗಳಿಗೆ ಮಾತ್ರ. ಕಾರಣ ಮೇಲೆ ಹೇಳಿದ್ದೇ, ಅದನ್ನ ಯಾರೂ ಮಧ್ಯೆ ತಡೆಯಲ್ಲ, ಹಾಗಾಗಿ ಅದರ ಅರ್ಧಂಬರ್ಧ ಬೆಲೆ ಆ ಕಡೆ ಹೋಗೋ ದಾರೀನೇ ಇಲ್ಲ. ಕೆಳಗಿನ ಟಾಸ್ಕಲ್ಲಿ ಮೋಟರ್ ರನ್ ಬಿಟ್ಟನ್ನ ಮೇಲಿನ ರಂಗಲ್ಲಿ ಆಫ್ ಮಾಡಿ ಕೆಳಗಿನ ರಂಗಲ್ಲಿ ಆನ್ ಮಾಡೋ ಥರ ಬರೆದಿದ್ರೆ, ಮಾಮೂಲಿ ದಿನ ಏನೂ ಗೊತ್ತಾಗಲ್ಲ, ಸ್ವಿಚ್‌ಓವರ್ ದಿನ ಕಾಂಟ್ಯಾಕ್ಟರ್ ಒಂದ್ಸಲ ಟಕ್ ಅನ್ನತ್ತೆ. ಹಾಗೆ ಬರೆಯೋ ಅಭ್ಯಾಸ ಇದ್ರೆ ಬಿಡಿ, ಮಧ್ಯದ ಲೆಕ್ಕ ಎಲ್ಲಾ ಒಂದು ಒಳಗಿನ ಬಿಟ್ ಮೇಲೆ ಮಾಡಿ ಕೊನೇಲಿ ಒಂದೇ ಸಲ ಔಟ್‌ಪುಟ್ಟಿಗೆ ಬರೀರಿ.

ಇನ್ನೊಂದು ಅರ್ಧ ಭರವಸೆ ಇರೋದು ಔಟ್‌ಪುಟ್ ಮಾಡ್ಯೂಲಲ್ಲಿ. ರಿಡಂಡೆಂಟ್ ಚಾಸಿಸ್ ಒಳಗೆ ಐ/ಓ ಹಾಕೋ ಹಾಗಿಲ್ಲ, ಅದು ಯಾವಾಗ್ಲೂ ಬೇರೆ ಚಾಸಿಸಲ್ಲಿ, ನೆಟ್‌ವರ್ಕಿನ ಆ ತುದೀಲಿರತ್ತೆ. ಸ್ವಿಚ್‌ಓವರಲ್ಲಿ ಕಂಟ್ರೋಲ್ ಕೈ ಬದಲಾಗೋ ಹೊತ್ತಲ್ಲಿ ಅದು ಕೊನೇ ಬೆಲೆ ಹಿಡ್ಕೊಂಡು ಕೂರಬೇಕು. ಅನಲಾಗ್ ಔಟ್‌ಪುಟ್ ಕಾನ್ಫಿಗರೇಶನಲ್ಲಿ ಕಮ್ಯುನಿಕೇಶನ್ ಫಾಲ್ಟ್ ಆದ್ರೆ ಸೊನ್ನೆಗೆ ಹೋಗು ಅಂತ ಇಟ್ಟಿದ್ರೆ, ನೆಟ್‌ವರ್ಕ್ ಒಂದು ಕೆಟ್ಟ ದಿನ ನೋಡಿದಾಗ ಕಂಟ್ರೋಲರ್ ಎಷ್ಟೇ ಚೆನ್ನಾಗಿ ಸಿಂಕ್ ಆಗಿದ್ರೂ ವಾಲ್ವ್ ಮುಚ್ಕೊಳತ್ತೆ. ಯಾವ ವಾಲ್ವಿಗೆ ಹಿಡ್ಕೊಳ್ಳೋದು ಸೇಫ್, ಯಾವುದಕ್ಕೆ ಮುಚ್ಚೋದು ಸೇಫ್ ಅಂತ ಪ್ರೋಸೆಸ್ ಜನಗಳ ಜೊತೆ ಕೂತು ತೀರ್ಮಾನ ಮಾಡಬೇಕು, ಪ್ಯಾನಲ್ ಬಿಲ್ಡರ್ ಬಿಟ್ಟುಹೋದ ಡೀಫಾಲ್ಟ್ ನಂಬಬೇಡಿ.

ರಿಡಂಡೆನ್ಸಿ ಆನ್ ಮಾಡಿದ್ಮೇಲೆ ಸ್ಕ್ಯಾನ್ ಟೈಮ್ ಯಾಕೆ ಏರಿತು?

ಕ್ರಾಸ್‌ಲೋಡಿಗೆ ಕಾಯೋ ಹೊತ್ತು ಸೇರ್ಕೊಂಡಿದೆ, ಅಷ್ಟೇ. ಒಂದೊಂದು ಸಿಂಕಿಗೂ ಒಂದು ನಿಗದಿ ಹೊತ್ತು, ಅದರ ಮೇಲೆ ಡೇಟಾ ಎಷ್ಟಿದೆಯೋ ಅಷ್ಟು. ಇಳಿಸಬೇಕಂದ್ರೆ ಒಂದೋ ಸಿಂಕ್ ಸಂಖ್ಯೆ ಕಮ್ಮಿ ಮಾಡಿ, ಇಲ್ಲಾ ಬರೆಯೋದನ್ನ ಕಮ್ಮಿ ಮಾಡಿ.

ಬರೆಯೋದರ ಬಗ್ಗೆ ಒಂದು ಲೆಕ್ಕ ನೋಡಿ. ಅರೇ ಮತ್ತು ಸ್ಟ್ರಕ್ಚರ್‌ಗಳು 256 ಬೈಟಿನ ತುಂಡುಗಳಾಗಿ ಹೋಗ್ತವೆ, ಅಂದ್ರೆ 64 ಡಿಂಟ್. 500 ಡಿಂಟಿನ ಒಂದು ಅರೇಲಿ ಒಂದೇ ಒಂದು ಬೆಲೆ ಬರೆದ್ರೆ 64 ಡಿಂಟಿನ ತುಂಡು ಹೋಗತ್ತೆ, ಇದು ಪರವಾಗಿಲ್ಲ. ಆದರೆ ಎಚ್‌ಎಂಐಗೆ ಅಂತ ಪ್ರತಿ ಸ್ಕ್ಯಾನಲ್ಲೂ ಇಡೀ 500 ಕಾಪಿ ಮಾಡ್ತಿದ್ರೆ, ಒಂದು ಬೆಲೆನೂ ಬದಲಾಗದೇ ಇದ್ರೂ 500 ಪೂರ್ತಿ ಪ್ರತಿ ಸಲ ಹೋಗತ್ತೆ. ಆ ಕಾಪೀನ ಸೆಕೆಂಡಿಗೊಮ್ಮೆ ಮಾಡಿದ್ರೆ ಆಪರೇಟರಿಗೆ ವ್ಯತ್ಯಾಸ ಕಾಣಲ್ಲ, ಕಂಟ್ರೋಲರಿಗೆ ದೊಡ್ಡ ಹೊರೆ ಇಳಿಯತ್ತೆ.

ಟಾಸ್ಕ್ ವಾಚ್‌ಡಾಗ್ ಕೂಡ ನೋಡ್ಕೊಳ್ಳಿ. ಸ್ವಿಚ್‌ಓವರ್ ಸ್ಕ್ಯಾನಲ್ಲಿ ಒಂದೇ ಪ್ರೋಗ್ರಾಂ ಎರಡು ಸಲ ಓಡಿದ ಹಾಗಾಗತ್ತೆ, ಸ್ಕ್ಯಾನ್ ಟೈಮಿಗೆ ಅಂಟಿಸಿದ ಹಾಗೆ ವಾಚ್‌ಡಾಗ್ ಇಟ್ಟಿದ್ರೆ ಉಳಿಸೋಕೆ ಬಂದ ಕಂಟ್ರೋಲರೇ ಫಾಲ್ಟ್ ಆಗಿ ನಿಲ್ಲತ್ತೆ.

ನನ್ನ ಲಾಜಿಕಲ್ಲಿ ತಪ್ಪಿದ್ರೆ ಸೆಕೆಂಡರಿ ಕಾಪಾಡತ್ತಾ?

ಇಲ್ಲ. ಅರೇ ಇಂಡೆಕ್ಸ್ ಮಿತಿ ದಾಟಿ ಪ್ರೈಮರಿ ಮೇಜರ್ ಫಾಲ್ಟ್ ಆಯ್ತು ಅಂದ್ಕೊಳ್ಳಿ. ಸೆಕೆಂಡರಿ ಬರತ್ತೆ, ಅದೇ ಪ್ರೋಗ್ರಾಂ, ಅದೇ ಡೇಟಾ, ಅದೇ ಲೈನಿಗೆ ಬಂದು ತಾನೂ ಬೀಳತ್ತೆ. ಸಿಂಕ್ ಚೆನ್ನಾಗಿದ್ದಷ್ಟೂ ಇದು ಗ್ಯಾರಂಟಿ.

ಒಂದು ಕಡೆ ಮಾತ್ರ ಕಾಪಾಡತ್ತೆ, ಆನ್‌ಲೈನ್ ಎಡಿಟ್ ಟೆಸ್ಟ್ ಮಾಡ್ತಾ ಇರುವಾಗ. ಕಂಟ್ರೋಲರ್ ಪ್ರಾಪರ್ಟೀಸಿನ ರಿಡಂಡೆನ್ಸಿ ಟ್ಯಾಬಲ್ಲಿ ಟೆಸ್ಟ್ ಎಡಿಟನ್ನ ಸ್ವಿಚ್‌ಓವರ್ ಆದ್ರೂ ಉಳಿಸ್ಕೋಬೇಕಾ ಅಂತ ಕೇಳೋ ಒಂದು ಟಿಕ್ ಇದೆ. ಅದನ್ನ ಹಾಕದೇ ಬಿಟ್ರೆ, ನಿಮ್ಮ ಹೊಸ ರಂಗಿಂದ ಪ್ರೈಮರಿ ಬಿದ್ದಾಗ ಸೆಕೆಂಡರಿ ಹಳೇ ಲಾಜಿಕ್ ಇಟ್ಕೊಂಡು ಎದ್ದೇಳತ್ತೆ. ಹಾಕಿದ್ರೆ ಹೊಸ ರಂಗ್ ಇಟ್ಕೊಂಡೇ ಎದ್ದು ಅದೂ ಬೀಳತ್ತೆ. ನಾನು ಹಾಕಲ್ಲ. ಮತ್ತೆ ಎಡಿಟ್ ಹಾಕಿದ ಕೂಡ್ಲೇ ಫೈನಲೈಸ್ ಒತ್ತೋ ಆತುರದೋರಿಗೆ ಒಂದು ಮಾತು, ಆ ಬಟನ್ ಒತ್ತಿದ ಮೇಲೆ ಹಳೇ ಲಾಜಿಕ್ ಎಲ್ಲೂ ಉಳಿಯಲ್ಲ, ಟೆಸ್ಟಲ್ಲಿ ಒಂದಷ್ಟು ಹೊತ್ತು ಓಡೋಕೆ ಬಿಡಿ.

ಸೆಕೆಂಡರಿ ಕ್ವಾಲಿಫೈ ಆಗ್ತಾನೇ ಇಲ್ಲ, ಅಂದ್ರೆ ಕೆಲಸ ತಗೊಳ್ಳೋಕೆ ಸಿದ್ಧ ಆಗ್ತಿಲ್ಲ, ಹಾರ್ಡ್‌ವೇರ್ ಎಲ್ಲಾ ಸರಿ ಇದೆ. ಏನು ನೋಡೋದು?

ಮೊದಲು ಎರಡೂ ಚಾಸಿಸ್‌ನ ಸ್ಲಾಟ್ ಸ್ಲಾಟಿಗೂ ಹೋಲಿಸಿ, ಮಾಡ್ಯೂಲು, ಫರ್ಮ್‌ವೇರು ಎಲ್ಲಾ ಹೊಂದಬೇಕು. ಆಮೇಲೆ ಐಪಿ ಅಡ್ರೆಸ್.

ಇದರಲ್ಲಿ ನಾನೇ ಒಂದ್ಸಲ ಪೂರ್ತಿ ಒಂದು ಶಿಫ್ಟ್ ಕಳೆದಿದೀನಿ. ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ, ಸೀಸನ್ ಶುರು ಆಗೋಕೆ ಮುಂಚಿನ ವಾರ, ಸೆಕೆಂಡರಿ ಚಾಸಿಸ್ ಆಫ್ ಮಾಡಿ ಧೂಳು ಹೊಡೆದು ಆನ್ ಮಾಡಿದ್ವಿ, ಅದು ಅನರ್ಹ ಅಂತ ತೋರಿಸೋ `DISQ` ಬಿಟ್ಟು ಮುಂದೆ ಹೋಗ್ಲೇ ಇಲ್ಲ. ಫೈಬರ್ ಬದಲಾಯಿಸಿದ್ವಿ, ರಿಡಂಡೆನ್ಸಿ ಮಾಡ್ಯೂಲ್ ಬದಲಾಯಿಸಿದ್ವಿ, ಏನೂ ಆಗ್ಲಿಲ್ಲ. ಕೊನೆಗೆ ಊಟಕ್ಕೆ ಹೋಗ್ತಾ ಎಲೆಕ್ಟ್ರಿಕಲ್ ಕಡೆಯ ಹಿರಿಯರೊಬ್ರು ಪ್ಯಾನಲ್ ಹತ್ರ ನಿಂತು ಈಥರ್‌ನೆಟ್ ಮಾಡ್ಯೂಲ್‌ನ ಆ ಸಣ್ಣ ಡಿಸ್‌ಪ್ಲೇ ಓದಿ, "ಏನ್ರೀ ಸರ, ಇಲ್ಲಿ ಡುಪ್ಲಿಕೇಟ್ ಐಪಿ ಅಂತ ಓಡಾಕತ್ತೈತಲ್ಲ" ಅಂದ್ರು.

ಆಗಿದ್ದೇನಂದ್ರೆ, ಐಪಿ ಸ್ವಾಪಿಂಗ್ ಇದ್ದಾಗ ಎರಡೂ ಮಾಡ್ಯೂಲಿಗೆ ಒಂದೇ ಅಡ್ರೆಸ್ ಕೊಡ್ತೀವಿ, ಹೇಳೋಣ 192.168.1.3. ಪ್ರೈಮರಿ ಅದನ್ನ ಇಟ್ಕೊಳತ್ತೆ, ಸೆಕೆಂಡರಿ ತಾನಾಗೇ ಮುಂದಿನದು, 192.168.1.4, ತಗೊಳತ್ತೆ. ಸ್ವಿಚ್‌ಓವರ್ ಆದಾಗ ಎರಡೂ ಅದಲುಬದಲು ಆಗ್ತವೆ, ಹಾಗಾಗಿ ಎಚ್‌ಎಂಐ ಯಾವಾಗ್ಲೂ .3 ಅನ್ನೇ ಕೇಳ್ತಿದ್ರೆ ಸಾಕು. ಈ .4 ನಮ್ಮ ಐಪಿ ಪಟ್ಟೀಲಿ ಖಾಲಿ ಅಂತ ತೋರಿಸ್ತಿತ್ತು, ಯಾರೋ ಹೊಸ ಡ್ರೈವ್ ಒಂದಕ್ಕೆ ಕೊಟ್ಟಿದ್ರು. ಡ್ರೈವ್ ಬಂದಿದ್ದು ಸೆಕೆಂಡರಿ ಆಫ್ ಇದ್ದಾಗ, ಅದಕ್ಕೆ ಯಾರೂ ತಕರಾರು ಮಾಡಿರ್ಲಿಲ್ಲ. ಆವತ್ತಿಂದ ನಾನು ಪಟ್ಟೀಲಿ ಆ ಎರಡನೇ ಅಡ್ರೆಸನ್ನೂ ಹೆಸರು ಹಾಕಿ ತುಂಬಿಸಿಡ್ತೀನಿ.

ಸ್ವಿಚ್‌ಓವರ್ ಆದಾಗ ಎಚ್‌ಎಂಐ ಸ್ವಲ್ಪ ಹೊತ್ತು ನಿಂತುಹೋಗತ್ತೆ, ಇದು ತಪ್ಪಾ?

ತಪ್ಪಲ್ಲ. ಕಂಟ್ರೋಲ್ ನಡೀತಾನೇ ಇರತ್ತೆ, ತೋರಿಸೋ ಕಿಟಕಿ ಮಾತ್ರ ಮುಚ್ಚಿದೆ. ಸ್ಕಾಡಾ ತನ್ನ ಕನೆಕ್ಷನ್ ಕಳ್ಕೊಂಡು ಮತ್ತೆ ಕಟ್ಟಬೇಕು. ಆಪರೇಟರಿಗೆ ಇದನ್ನ ಮುಂಚೇನೇ ಹೇಳಿಡಿ, ಇಲ್ಲಾಂದ್ರೆ ಸ್ಕ್ರೀನ್ ಖಾಲಿ ನೋಡಿ ಗಾಬರಿಯಾಗಿ ಎಮರ್ಜೆನ್ಸಿ ಸ್ಟಾಪ್ ಒತ್ತಿಬಿಡ್ತಾರೆ.

ಕಂಟ್ರೋಲರಿಂದ ಹೊರಗೆ ಹೋಗ್ತಿದ್ದ `MSG` ಇನ್‌ಸ್ಟ್ರಕ್ಷನ್ ಅರ್ಧದಲ್ಲಿದ್ರೆ ಎರರ್ ಬರತ್ತೆ ಅಂದ್ಕೊಂಡೇ ಲಾಜಿಕ್ ಬರೀರಿ. `.DN` ಬಂದ್ರೆ ಮಾತ್ರ ಮುಂದಿನ ಸ್ಟೆಪ್ ಅಂತ ಬರೆದು `.ER` ಮರೆತಿದ್ರೆ ಸೀಕ್ವೆನ್ಸ್ ಅಲ್ಲೇ ನಿಲ್ಲತ್ತೆ. ಮತ್ತೆ ಕಳಿಸೋಕೆ ಹೊರಟಾಗ, ಆ ಕಡೆ ಮೊದಲನೇದು ತಲುಪಿತ್ತಾ ಇಲ್ವಾ ನಮಗೆ ಗೊತ್ತಿರಲ್ಲ ಅನ್ನೋದೂ ನೆನಪಿರಲಿ. "ಇನ್ನೊಂದು 50 ಕಿಲೋ ಹಾಕು" ಅನ್ನೋ ಥರದ ಮೆಸೇಜ್ ಎರಡು ಸಲ ಹೋದ್ರೆ 100 ಕಿಲೋ. ಬ್ಯಾಚ್ ನಂಬರ್ ಜೊತೆ ಕಳಿಸಿ, ಅದೇ ನಂಬರ್ ಮತ್ತೆ ಬಂದ್ರೆ ಆ ಕಡೆಯವರು ಬಿಟ್ಟುಬಿಡೋ ಹಾಗಿರಲಿ.

ಈಗ ನಿಜವಾಗ್ಲೂ ಸಿಂಕಲ್ಲಿದೆಯಾ ಅಂತ ಹೇಗೆ ತಿಳ್ಕೊಳ್ಳೋದು?

ಪ್ಯಾನಲ್ ಎದುರು ನಿಂತ್ರೆ ಪ್ರೈಮರಿ ಕಡೆ ರಿಡಂಡೆನ್ಸಿ ಮಾಡ್ಯೂಲಲ್ಲಿ `PRIM`, ಆ ಕಡೆ `SYNC`. ಕಮ್ಯುನಿಕೇಶನ್ ಮಾಡ್ಯೂಲಲ್ಲಿ `PwQS` ಮತ್ತು `QS`. ಆದರೆ ರಾತ್ರಿ ಎರಡು ಗಂಟೆಗೆ ಪ್ಯಾನಲ್ ಎದುರು ಯಾರೂ ನಿಂತಿರಲ್ಲ, ಅದಕ್ಕೆ ಲಾಜಿಕಲ್ಲೇ ಓದಿ ಅಲಾರ್ಮ್ ಕೊಡಿ:

```
GSV(REDUNDANCY,,ChassisRedundancyState,Red_State);
GSV(REDUNDANCY,,PhysicalChassisID,Red_Chassis);
GSV(REDUNDANCY,,LastDataTransferSize,Red_Xfer);
```

ಮೊದಲನೇದು 2 ಇದ್ರೆ ಜೋಡಿ ಸರಿ ಇದೆ, 3 ಅಂದ್ರೆ ಸೆಕೆಂಡರಿ ಇದೆ ಆದರೆ ಅನರ್ಹ, 4 ಅಂದ್ರೆ ಸೆಕೆಂಡರಿನೇ ಇಲ್ಲ. 2 ಅಲ್ಲದೇ ಒಂದೆರಡು ನಿಮಿಷ ಕಳೆದ್ರೆ ಅಲಾರ್ಮ್. ಎರಡನೇದು ಈಗ ಯಾವ ಪೆಟ್ಟಿಗೆ ಓಡಿಸ್ತಿದೆ ಅಂತ ಹೇಳತ್ತೆ, ಎ ಆದ್ರೆ 1, ಬಿ ಆದ್ರೆ 2. ಇದನ್ನ ಹಿಸ್ಟೋರಿಯನ್‌ಗೆ ಹಾಕಿ, ಯಾರಿಗೂ ಗೊತ್ತಾಗದ ಹಾಗೆ ಆಗಿಹೋದ ಸ್ವಿಚ್‌ಓವರ್ ಸಿಗೋದು ಇದರಲ್ಲೇ. ಮೂರನೇದು ಕೊನೇ ಕ್ರಾಸ್‌ಲೋಡ್ ಎಷ್ಟು ಡಿಂಟ್ ಇತ್ತು ಅಂತ. ಹೊಸ ಕೋಡ್ ಹಾಕಿದ ಮರುದಿನ ಇದು ದಿಢೀರಂತ ಏರಿದ್ರೆ ಯಾರೋ ದೊಡ್ಡ ಅರೇ ಕಾಪಿ ಸೇರಿಸಿದಾರೆ.

ಮಧ್ಯದ ಫೈಬರ್ ಕಟ್ ಆದ್ರೆ?

ಪ್ರೈಮರಿ ಪ್ರೈಮರಿಯಾಗೇ ಉಳಿಯತ್ತೆ, ಸೆಕೆಂಡರಿ ಅನರ್ಹ ಆಗತ್ತೆ. ಪ್ಲಾಂಟ್ ನಿಲ್ಲಲ್ಲ, ಆದರೆ ಈಗ ನೀವು ಒಂಟಿ ಕಾಲಲ್ಲಿ ನಿಂತಿದೀರ. 1756-RM2ನಲ್ಲಿ ಎರಡು ಫೈಬರ್ ಪೋರ್ಟ್ ಇದೆ, ಎರಡನ್ನೂ ಹಾಕಿ, ಬೇರೆ ಬೇರೆ ದಾರೀಲಿ ಎಳೀರಿ. ಒಂದೇ ಟ್ರೇಲಿ ಎಳೆದ್ರೆ ಒಂದೇ ಇಲಿ ಎರಡನ್ನೂ ಕಡಿಯತ್ತೆ.

ಟೆಸ್ಟ್ ಹೇಗೆ ಮಾಡೋದು? ಸಾಫ್ಟ್‌ವೇರಲ್ಲಿ ಸ್ವಿಚ್‌ಓವರ್ ಬಟನ್ ಒತ್ತಿದ್ರೆ ಸಾಲದಾ?

ಸಾಲಲ್ಲ. ಬಟನ್ ಒತ್ತಿದಾಗ ಎರಡೂ ಕಂಟ್ರೋಲರ್ ಆರೋಗ್ಯವಾಗಿದ್ದು ಮಾತಾಡ್ಕೊಂಡು ಕೈ ಬದಲಾಯಿಸ್ತವೆ, ನಿಜವಾದ ಸಾವು ಹಾಗೆ ಬರಲ್ಲ. ಬಟನ್ ಒಂದ್ಸಲ, ಪ್ರೈಮರಿ ಚಾಸಿಸ್‌ನ ಪವರ್ ತೆಗೆದು ಒಂದ್ಸಲ, ಪ್ರೈಮರಿಯ ಈಥರ್‌ನೆಟ್ ಕೇಬಲ್ ಕಿತ್ತು ಒಂದ್ಸಲ, ಪ್ರತಿ ಸಲ ಮತ್ತೆ `SYNC` ಬಂದ್ಮೇಲೇ ಮುಂದಿನದು.

ಆಗ ನೋಡಬೇಕಾಗಿರೋದು ಎಚ್‌ಎಂಐ ಟ್ರೆಂಡ್ ಅಲ್ಲ, ಅದು ಸೆಕೆಂಡಿಗೊಮ್ಮೆ ಬರೆಯತ್ತೆ, ಮೇಲಾಗಿ ಸ್ವಿಚ್‌ಓವರಲ್ಲಿ ಅದೇ ನಿಂತಿರತ್ತೆ, ಬಂಪ್ ಆದ ಹೊತ್ತೇ ಗೆರೆ ಖಾಲಿ ಇದ್ದು ಆ ಕಡೆ ಈ ಕಡೆ ಸೇರಿಸಿ ನೇರ ಗೆರೆ ತೋರಿಸತ್ತೆ. ಒಂದು ರೆಕಾರ್ಡರನ್ನೋ, ಏನೂ ಇಲ್ಲಾಂದ್ರೆ ಒಂದು ಮಲ್ಟಿಮೀಟರನ್ನೋ ಆ ವಾಲ್ವಿನ 4-20 ಲೂಪಿಗೆ ಸೀರೀಸಲ್ಲಿ ಹಾಕಿ, ಒಬ್ಬ ಅದರ ಮುಂದೆ, ಇನ್ನೊಬ್ಬ ವಾಲ್ವಿನ ಹತ್ರ ನಿಂತು ಸ್ಟೆಮ್ ನೋಡಲಿ. ಟೆಸ್ಟಿಗೆ ಮುಂಚೆ ಎಲ್ಲಾ ಟೋಟಲೈಸರ್ ಬರೆದಿಟ್ಕೊಳ್ಳಿ, ಆಮೇಲೆ ಫ್ಲೋ ಜೊತೆ ತಾಳೆ ನೋಡಿ. ಒಂದು ಸಲ ಸರಿ ಬಂದ್ರೆ ನಂಬಬೇಡಿ, ಆ ಎರಡು ಲೈನ್ ಮಧ್ಯದ ಜಾಗಕ್ಕೆ ಸರಿಯಾಗಿ ಸ್ವಿಚ್‌ಓವರ್ ಬೀಳೋದು ಅಪರೂಪ, ಹತ್ತು ಸಲ ಮಾಡಿದ್ರೂ ಸಿಗದೇ ಇರಬಹುದು. ಅದಕ್ಕೆ ಟೋಟಲೈಸರಿನ ವಿಷಯದಲ್ಲಿ ಟೆಸ್ಟ್ ನಂಬೋದಕ್ಕಿಂತ ಕೋಡ್ ತೆಗೆದು ಓದೋದೇ ಜಲ್ದಿ ಆಗತ್ತೆ.